ಹೋಗಿ ಕೂತು ಬರುವಷ್ಟೇ ಮಾತು

ಸಂಜೆ ಐದೂಮುಕ್ಕಾಲಿಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬಂತು. ನಮ್ಮ ಗಣಿತದ ಮೇಡಂ ಅವರ ತಾಯಿ ಕನಕಪುರ ತಾಲ್ಲೂಕಿನ ಊರಿನಲ್ಲಿ ಮಧ್ಯಾಹ್ನ ತೀರಿಕೊಂಡರು, ನಾಳೆ ಹತ್ತು ಗಂಟೆಗೆ ಹೊಲದಲ್ಲೇ ಮಣ್ಣು. ಹತ್ತು ನಿಮಿಷದಲ್ಲಿ ಅದರ ಕೆಳಗೆ ಇಪ್ಪತ್ತಾರು ಉತ್ತರ ಸೇರಿದವು. ಹದಿನೆಂಟರಲ್ಲಿ 'ಓಂ ಶಾಂತಿ' ಎಂದಿತ್ತು, ಉಳಿದವು ಕೈಮುಗಿದ ಚಿತ್ರಗಳು. ನಾನೂ ಅದೇ ಎರಡು ಪದ ಒತ್ತಲು ಹೋಗಿ ನಿಲ್ಲಿಸಿದೆ. ಆ ಹೆಣ್ಣುಮಗಳು ಆರು ವರ್ಷದಿಂದ ರಾಮನಗರದ ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಎದುರು ಮೇಜಿನಲ್ಲಿ ಕೂತಿದ್ದಾರೆ. ಅವರಿಗೆ ಹತ್ತೊಂಬತ್ತನೆಯ ಓಂ ಶಾಂತಿ ಕಳಿಸಲು ಮನಸ್ಸು ಬರಲಿಲ್ಲ. ಆದರೆ ಬೇರೆ ಏನು ಬರೆಯಬೇಕೆಂದು ಹೊಳೆಯಲೂ ಇಲ್ಲ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ಆರು ಸಾಲಿಗೆ ಮುಕ್ಕಾಲು ಗಂಟೆ ಕೂತೆ. ಆ ಮುಕ್ಕಾಲು ಗಂಟೆಯಲ್ಲಿ ಅಳಿಸಿದ್ದು, ಉಳಿಸಿಕೊಂಡದ್ದು ಏನು, ಯಾಕೆ ಎನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಬರೆದದ್ದು ಹೀಗಿತ್ತು: 'ತಮ್ಮ ಮಾತೃಶ್ರೀಯವರು ದೈವಾಧೀನರಾದರೆಂಬ ಸುದ್ದಿ ತಿಳಿದು ಅತೀವ ಆಘಾತವಾಯಿತು. ಇದು ತುಂಬಲಾರದ ನಷ್ಟ. ಮೃತರ ಆತ್ಮಕ್ಕೆ ಚಿರಶಾಂತಿ ಸಿಗಲಿ. ದುಃಖ ಭರಿಸುವ ಶಕ್ತಿಯನ್ನು ಭಗವಂತ ತಮಗೂ ಕುಟುಂಬ ವರ್ಗದವರಿಗೂ ಕರುಣಿಸಲಿ. ಭಾವಪೂರ್ಣ ಶ್ರದ್ಧಾಂಜಲಿ.'

ಇದರಲ್ಲಿ ತಪ್ಪು ಕನ್ನಡ ಇಲ್ಲ. ವಿಧಾನಸಭೆಯ ಅಧಿವೇಶನ ಸಂತಾಪ ಸೂಚನೆಯಿಂದ ಶುರುವಾಗುವಾಗ ಓದುವ ಭಾಷೆ ಇದು. ಬಸ್ ನಿಲ್ದಾಣದ ಎದುರು ಕಟ್ಟುವ ಫ್ಲೆಕ್ಸಿನ ಭಾಷೆಯೂ ಇದೇ. ಊರಿನ ಎದುರು, ಸಭೆಯ ಎದುರು ನಿಂತು ಹೇಳುವಾಗ ಅದಕ್ಕೆ ಅದರದೇ ಗೌರವವಿದೆ. ಆದರೆ ನನ್ನ ಎದುರು ಮೇಜಿನವರಿಗೆ ಕಳಿಸಲು ಹೊರಟಾಗ ಅದರ ಕ್ರಿಯಾಪದಗಳು ಕಣ್ಣಿಗೆ ಬಿದ್ದವು. 'ಸಿಗಲಿ', 'ಕರುಣಿಸಲಿ' ಎಂದರೆ ನಾನು ಮಾತಾಡುತ್ತಿರುವುದು ದೇವರ ಹತ್ತಿರ. 'ಶ್ರದ್ಧಾಂಜಲಿ' ಎಂದಾಗ ಕೈಮುಗಿಯುತ್ತಿರುವುದು ತೀರಿಹೋದವರಿಗೆ. ನಡುವೆ ಕೂತಿರುವ ಮಗಳ ತಲೆಯ ಮೇಲಿಂದ ಎರಡು ಮಾತೂ ಹಾದುಹೋಗುತ್ತವೆ. ಶ್ರದ್ಧಾಂಜಲಿ ಸತ್ತವರಿಗೆ, ಸಾಂತ್ವನ ಬದುಕಿರುವವರಿಗೆ. ನಾವು ಎರಡನ್ನೂ ಒಂದೇ ಎಂದು ಬಗೆದು ಕಳಿಸುತ್ತಿರುತ್ತೇವೆ.

ನಮ್ಮ ಸೀಮೆಯವರು ಸಾವಿನ ಮನೆಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ಆಗ ಯೋಚಿಸಿದೆ. ಮದುವೆಗೆ ಕರೆಯದೆ ಹೋಗುವುದಿಲ್ಲ, ಸಾವಿಗೆ ಯಾರೂ ಕರೆಯುವುದಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಅದೇ ಕರೆ. ಹೋದವರು ಹಾರ ಹಾಕಿ ಕೈಮುಗಿದು ಮನೆಯವರ ಹತ್ತಿರ ಬಂದು ಕೂರುತ್ತಾರೆ. ಅಳುತ್ತಿದ್ದರೆ ಅಳಲು ಬಿಡುತ್ತಾರೆ. ಸತ್ತವರ ಬಗ್ಗೆ ತಮಗೆ ಗೊತ್ತಿರುವ ಒಂದು ಮಾತನ್ನು ಯಾರಾದರೂ ಎತ್ತುತ್ತಾರೆ. ಅಷ್ಟು ಹೊತ್ತಿಗೆ ಇನ್ನೊಬ್ಬರು ಶಾಮಿಯಾನಕ್ಕೆ ಹೇಳಲು, ಗುಣಿ ತೋಡಿಸಲು, ಕೊಟ್ಟಿಗೆಯ ಹಸುವಿಗೆ ಹುಲ್ಲು ಹಾಕಲು ಎದ್ದಿರುತ್ತಾರೆ, ಕೇಳಿಕೊಂಡು ಅಲ್ಲ. ಹೊರಡುವಾಗ 'ಹೋಗಿ ಬರ್ತೀನಿ' ಎನ್ನುವುದಿಲ್ಲ, ಸುಮ್ಮನೆ ಎದ್ದು ಬರುತ್ತಾರೆ. ಇದಕ್ಕೆ ನಮ್ಮಲ್ಲಿ 'ಮಾತಾಡಿಸಿಕೊಂಡು ಬರೋದು' ಎಂದು ಹೆಸರಿದ್ದರೂ ಅದರಲ್ಲಿ ಮಾತು ಇರುವುದು ಬಹಳ ಕಡಿಮೆ. ಬರೆದು ಕಳಿಸುವ ಸಂದೇಶ ಆ ಹೋಗಿ ಕೂತು ಬರುವುದರ ಬದಲಿಗೆ ನಿಲ್ಲುವಂಥದ್ದು. ಹಾಗಾದರೆ ಅದಕ್ಕೂ ಅದೇ ಅಳತೆ ಸಾಕು: ಬಂದೆ ಎಂದು ತಿಳಿಸುವುದು, ತೀರಿಹೋದವರದೊಂದು ನೆನಪು, ಒಂದು ಕೆಲಸ, ಆಮೇಲೆ ಸದ್ದಿಲ್ಲದೆ ಏಳುವುದು.

ಮೊದಲ ಸಾಲಿನಲ್ಲೇ ಎಡವುವುದು ಹೆಚ್ಚು. 'ನಿಮ್ಮ ತಾಯಿ ತೀರಿಕೊಂಡರಂತೆ' ಎಂದು ಬರೆದು ಅಳಿಸಿದೆ. ಆ 'ಅಂತೆ' ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವ ಸುದ್ದಿಗೆ ಸರಿ. ಯಾರ ಮನೆಯಲ್ಲಿ ಹೆಣ ಇಟ್ಟುಕೊಂಡಿದ್ದಾರೋ ಅವರಿಗೇ ಹೇಳಿದರೆ ನಿಜವೋ ಸುಳ್ಳೋ ಎಂದು ಕೇಳಿದ ಹಾಗಾಗುತ್ತದೆ, ಅವರು 'ಹೌದು ಸರ್' ಎಂದು ಖಾತರಿ ಕೊಡಬೇಕಾಗುತ್ತದೆ. 'ತೀರಿಕೊಂಡ ವಿಷಯ ತಿಳಿಯಿತು' ಎಂದರೆ ಅವರ ಮೇಲೆ ಆ ಹೊರೆ ಬೀಳುವುದಿಲ್ಲ.

ಇನ್ನು ತಾಯಿಯನ್ನು ಏನೆಂದು ಕರೆಯುವುದು? ಈ ಮೇಡಂ ಮನೆಗೆ ಫೋನು ಮಾಡುವಾಗ 'ಅವ್ವಾ' ಎನ್ನುವುದನ್ನು ದಿನಾ ಕೇಳಿದ್ದೇನೆ. 'ಮಾತೃಶ್ರೀ' ಎಂದು ಬರೆದರೆ ಅವರ ಅವ್ವನನ್ನು ಯಾವುದೋ ಆಹ್ವಾನ ಪತ್ರಿಕೆಯೊಳಗೆ ಕೂರಿಸಿದ ಹಾಗೆ. ಬರಿಯ 'ಅವ್ವ' ಎಂದರೆ ನಾನೇ ಮಗನಾದ ಹಾಗೆ, ಅಷ್ಟು ಸಲುಗೆ ನನಗಿಲ್ಲ. 'ನಿಮ್ಮ ಅವ್ವ' ಎಂದೆ. ಆ 'ನಿಮ್ಮ' ನನ್ನನ್ನು ನನ್ನ ಜಾಗದಲ್ಲಿ ಇಡುತ್ತದೆ, 'ಅವ್ವ' ಅವರನ್ನು ಅವರ ಮನೆಯೊಳಗೇ ಬಿಡುತ್ತದೆ. ಹಳೆ ಮೈಸೂರಿನ ಕಡೆ ತಂದೆಯನ್ನು 'ಅಣ್ಣ' ಎನ್ನುವ ಮನೆಗಳಿವೆ, 'ಅಪ್ಪಾಜಿ' ಎನ್ನುವ ಮನೆಗಳಿವೆ. ಸಹೋದ್ಯೋಗಿಯ ಬಾಯಲ್ಲಿ ಆ ಪದ ಕೇಳಿದ್ದರೆ ಬಳಸಬಹುದು. ಕೇಳಿರದಿದ್ದರೆ 'ನಿಮ್ಮ ತಾಯಿ', 'ನಿಮ್ಮ ತಂದೆಯವರು' ಎಂಬುದರಲ್ಲಿ ಯಾವ ಕೊರತೆಯೂ ಇಲ್ಲ. ಊಹಿಸಿ ಬರೆಯುವುದಕ್ಕಿಂತ ಅದೇ ವಾಸಿ.

ಅವರನ್ನು ಕರೆಯುವುದೂ ಹಾಗೇ. ಆರು ವರ್ಷ 'ಮೇಡಂ' ಎಂದವನು ಆ ದಿನ ಮಾತ್ರ 'ತಂಗೀ, ನಿನ್ನ ಅಣ್ಣ ಇದ್ದೀನಿ' ಎಂದರೆ ಅದು ಪ್ರೀತಿಯೇ ಇರಬಹುದು. ಆದರೆ ಇದ್ದ ಒಂದು ಸಂಬಂಧ ಹೋದ ದಿನ ಹೊಸದೊಂದನ್ನು ಹೊರಿಸುವುದು ಬೇಡ. ಅವರು ಮತ್ತೆ ಶಾಲೆಗೆ ಬಂದಾಗ ನಾನು ಯಾರಾಗಿರಬೇಕು ಎಂಬ ಮುಜುಗರವೂ ಬೇಡ. ಮೇಡಂ ಮೇಡಂ ಆಗಿಯೇ ಇರಲಿ, ನೀವು ನೀವಾಗಿಯೇ ಇರಿ. ಅದೇ ದೂರದಲ್ಲಿ ನಿಂತು ಬೆಚ್ಚಗೆ ಮಾತಾಡಲು ಕನ್ನಡದಲ್ಲಿ ಬೇಕಾದಷ್ಟು ಜಾಗವಿದೆ.

'ಅತೀವ ಆಘಾತವಾಯಿತು' ಎಂಬುದನ್ನೂ ಅಳಿಸಿದೆ. ಆ ತಾಯಿಗೆ ಎಪ್ಪತ್ತೆರಡು, ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದರು, ಮೇಡಂ ಶನಿವಾರ ಭಾನುವಾರ ಊರಿಗೆ ಓಡುತ್ತಿದ್ದದ್ದು ಸ್ಟಾಫ್ ರೂಮಿಗೆಲ್ಲ ಗೊತ್ತು. ಆಘಾತವಾಯಿತು ಎಂದರೆ ಮೂರು ತಿಂಗಳು ನಾನು ಗಮನಿಸಿರಲಿಲ್ಲ ಎಂದೇ ಅರ್ಥ. ಆಡುಮಾತಿನಲ್ಲಿ ನಾವು 'ಬೇಜಾರಾಯ್ತು' ಎನ್ನುತ್ತೇವೆ. ಎದುರು ನಿಂತು ಹೇಳಿದರೆ ಮುಖ ಆ ಪದಕ್ಕೆ ತೂಕ ಕೊಡುತ್ತದೆ, ಪರದೆಯ ಮೇಲೆ ಅದು ಬಸ್ಸು ತಪ್ಪಿದ ಬೇಜಾರಿನಷ್ಟೇ ಆಗಿಬಿಡುತ್ತದೆ. 'ಮನಸ್ಸಿಗೆ ನೋವಾಯಿತು' ಎಂದು ಬರೆದೆ. ನನಗೆ ಆದದ್ದೂ ಅಷ್ಟೇ.

ನೆನಪಿನ ಸಾಲು ಕಷ್ಟದ್ದು. ಆ ತಾಯಿಯನ್ನು ನಾನು ನೋಡಿದ್ದು ಒಂದೇ ಸಲ. ಕನಕಪುರದ ಕಡೆ ಒಂದು ಮದುವೆಗೆ ಹೋದಾಗ ನಾವು ಐದಾರು ಮಂದಿ ಅವರ ಮನೆಗೆ ಹೋಗಿದ್ದೆವು. ರೇಷ್ಮೆ ಸಾಕುವ ಮನೆ. ಹುಳು ಮನೆ ನೋಡಬೇಕು ಎಂದು ನಮ್ಮಲ್ಲಿ ಒಬ್ಬರು ಆಸೆಪಟ್ಟರು. ಆಕೆ ನಮ್ಮನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ, ಬಕೀಟಿನಲ್ಲಿ ನೀರು ತಂದಿಟ್ಟು, ಹೆಡ್‌ಮಾಸ್ಟರನ್ನೂ ಬಿಡದೆ ಕೈಕಾಲು ತೊಳೆಸಿಯೇ ಒಳಗೆ ಬಿಟ್ಟರು. ಹೊರಗಿನ ಕಾಲಿಂದ ರೋಗ ಬಂದರೆ ಒಂದು ಬೆಳೆಯೇ ಹೋಗುತ್ತದೆ. ಒಳಗೆ ಹೋದಮೇಲೆ 'ಮೆತ್ತಗೆ ಮಾತಾಡಿ' ಎಂದು ಗದರಿದರು. ಹುಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುನ್ನ ರೇಷ್ಮೆಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುವುದನ್ನು ನಮ್ಮ ರೈತರು ಜ್ವರ ಎನ್ನುತ್ತಾರೆ, ಗೂಡು ಕಟ್ಟುವ ಮೊದಲು ಅಂಥ ನಾಲ್ಕು ಜ್ವರ ಹಾಯುತ್ತದೆ.

ನನಗೆ ಗೊತ್ತಿದ್ದದ್ದು ಇಷ್ಟೇ. 'ಕರುಣಾಮಯಿ, ತ್ಯಾಗಮೂರ್ತಿ' ಎಂದು ಬರೆಯಬಹುದಿತ್ತು, ಆದರೆ ನಾನು ಕಂಡಿರಲಿಲ್ಲ. ಕಂಡದ್ದು ಬಕೀಟು ಮತ್ತು ಆ ಗದರಿಕೆ. ಹೊಗಳಿಕೆ ಎಲ್ಲ ತಾಯಂದಿರಿಗೂ ಹೊಂದುತ್ತದೆ, ಅದಕ್ಕೇ ಅದು ಯಾರ ತಾಯಿಗೂ ತಾಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ನೆನಪು ಒಂದು ಸಾಲು ದಾಟಿದರೆ ಅದು ನನ್ನ ಕಥೆಯಾಗುತ್ತದೆ. ಮದುವೆ ಯಾರದು, ಜೊತೆಗೆ ಯಾರಿದ್ದರು, ಊಟಕ್ಕೆ ಏನಿತ್ತು ಎಂಬುದೆಲ್ಲ ಎಂದಾದರೂ ಬಿಡುವಿನಲ್ಲಿ ಆಡಿಕೊಳ್ಳುವ ಮಾತು. ತಾಯಿಯನ್ನು ನೋಡಿಯೇ ಇರದಿದ್ದರೆ ಮಗಳ ಮೂಲಕ ಕಂಡದ್ದನ್ನು ಬರೆಯಬಹುದು: ಪ್ರತಿ ಶನಿವಾರ ಮಧ್ಯಾಹ್ನ ಬೆಲ್ ಹೊಡೆದ ಕೂಡಲೇ ಕನಕಪುರದ ಬಸ್ಸಿಗೆ ಓಡುತ್ತಿದ್ದಿರಿ ಎಂದು. ಅದೂ ಗೊತ್ತಿಲ್ಲದಿದ್ದರೆ ಆ ಸಾಲು ಇಲ್ಲದಿದ್ದರೂ ನಡೆಯುತ್ತದೆ.

ಕೆಲಸದ ಸಾಲನ್ನು ಮೊದಲು 'ಏನಾದರೂ ಬೇಕಿದ್ದರೆ ಹೇಳಿ' ಎಂದು ಬರೆದಿದ್ದೆ. ಅದನ್ನು ಎಲ್ಲರೂ ಬರೆಯುತ್ತಾರೆ, ಯಾರೂ ಹೇಳುವುದಿಲ್ಲ. ಏನು ಬೇಕೆಂದು ಯೋಚಿಸುವ ಕೆಲಸವನ್ನೂ ಅವರಿಗೇ ಒಪ್ಪಿಸಿದ ಹಾಗೆ. ಒಕ್ಕಲಿಗರ ಮನೆಗಳಲ್ಲಿ ಸಾಮಾನ್ಯವಾಗಿ ಮೂರನೇ ದಿನ ಹಾಲುತುಪ್ಪ, ಹನ್ನೊಂದನೇ ದಿನ ತಿಥಿ. ಅಷ್ಟು ದಿನವೂ ಮಗಳು ಊರಲ್ಲಿರಬೇಕು. ಅವರ ಎಂಟನೇ ತರಗತಿಯ ಪಾಠ ಯಾರು ಮಾಡುತ್ತಾರೆ? ಎಫ್‌ಎ-1 ಅಂಕಗಳನ್ನು ತಂತ್ರಾಂಶಕ್ಕೆ ಏರಿಸಲು ವಾರವಷ್ಟೇ ಉಳಿದಿತ್ತು, ಅದನ್ನು ಯಾರು ಮಾಡುತ್ತಾರೆ? ಸಾವಿನ ಮನೆಯಲ್ಲಿ ಕೂತವರಿಗೆ ಇವು ನಡುರಾತ್ರಿ ನೆನಪಾಗುವ ಸಂಗತಿಗಳು. ಸಹೋದ್ಯೋಗಿಯೊಬ್ಬ ಮಾಡಬಹುದಾದ್ದೂ ಇಂಥವನ್ನೇ. ನೆಂಟರು ಶಾಮಿಯಾನ ನೋಡಿಕೊಳ್ಳುತ್ತಾರೆ, ಅಂಕಪಟ್ಟಿ ನೋಡಿಕೊಳ್ಳಲು ನನಗೆ ಮಾತ್ರ ಸಾಧ್ಯ. ಕಳಿಸುವ ಮೊದಲು ಹೆಡ್‌ಮಾಸ್ಟರಿಗೆ ಫೋನು ಮಾಡಿ ಒಪ್ಪಿಗೆ ಪಡೆದೆ. ಮಾಡಲಾಗದ್ದನ್ನು ಬರೆದರೆ ಓಂ ಶಾಂತಿಗಿಂತ ಕೆಟ್ಟದ್ದು.

ಕೊನೆಗೆ ಹೋದ ಸಂದೇಶ ಇದು:

'ಮೇಡಂ, ನಿಮ್ಮ ಅವ್ವ ತೀರಿಕೊಂಡ ವಿಷಯ ಈಗ ತಿಳಿಯಿತು. ಮನಸ್ಸಿಗೆ ನೋವಾಯಿತು. ಹುಳು ಮನೆ ಬಾಗಿಲಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ ಕೈಕಾಲು ತೊಳೆಸಿ ಒಳಗೆ ಬಿಟ್ಟಿದ್ದು ಕಣ್ಣ ಮುಂದೆಯೇ ಇದೆ. ತಿಥಿ ಮುಗಿಯುವವರೆಗೆ ನಿಮ್ಮ ಎಂಟನೇ ತರಗತಿ ನಾನು ತೆಗೆದುಕೊಳ್ಳುತ್ತೇನೆ, ಎಫ್‌ಎ ಅಂಕಗಳನ್ನೂ ಏರಿಸುತ್ತೇನೆ, ಹೆಡ್‌ಮಾಸ್ಟರಿಗೆ ಹೇಳಿದ್ದೇನೆ. ಇದಕ್ಕೆ ಉತ್ತರ ಬರೆಯಬೇಕಿಲ್ಲ. ಬೆಳಿಗ್ಗೆ ಬರುತ್ತೇವೆ.'

ಕೊನೆಯ ಎರಡು ಸಾಲಿನ ಬಗ್ಗೆ ಹೇಳಬೇಕು. ನನ್ನ ತಂದೆ ಹೋದಾಗ ನನಗೆ ಬಂದ ಸಂದೇಶಗಳಲ್ಲಿ ಒಂದು 'ಏನಾಗಿತ್ತು?' ಎಂದಷ್ಟೇ ಇತ್ತು. ಕೇಳಿದವರಿಗೆ ಕಾಳಜಿ ಇದ್ದದ್ದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಉತ್ತರವಾಗಿ ಎದೆನೋವು, ಆಂಬುಲೆನ್ಸು, ದಾರಿಯಲ್ಲೇ ನಿಂತ ಉಸಿರು ಎಲ್ಲವನ್ನೂ ಹೆಬ್ಬೆರಳಿನಲ್ಲಿ ಒತ್ತಿ ಬರೆದೆ. ಮುಗಿಸುವ ಹೊತ್ತಿಗೆ ಇನ್ನೊಬ್ಬರು ಅದನ್ನೇ ಕೇಳಿದ್ದರು. ಸಂದೇಶದಲ್ಲಿ ಪ್ರಶ್ನೆಯ ಚಿಹ್ನೆ ಇದ್ದರೆ ಅದು ಕೆಲಸ ಹಚ್ಚಿತು ಎಂದೇ ತಿಳಿಯಬೇಕು. ಹೇಗಾಯಿತು ಎಂಬುದನ್ನು ಅವರೇ ಹೇಳಬೇಕೆನಿಸಿದಾಗ ಹೇಳುತ್ತಾರೆ, ಆಗ ಕೇಳಿಸಿಕೊಳ್ಳಲು ಕೂರುವುದು ಬೇರೆ ಮಾತು. 'ಉತ್ತರ ಬರೆಯಬೇಕಿಲ್ಲ' ಎಂದದ್ದು ಅದಕ್ಕೆ. 'ಬರುತ್ತೇವೆ' ಎಂದು ಬರೆಯುವಾಗ ಒಮ್ಮೆ ಕೈ ತಡೆಯಿತು. ಸಾವಿನ ಮನೆಯಿಂದ ಎದ್ದು ಬರುವಾಗ ಆಡಬಾರದ ಮಾತು ಅದು. ಆದರೆ ನಾವಿನ್ನೂ ಹೋಗಿಯೇ ಇರಲಿಲ್ಲ. ಮಣ್ಣಿಗೆ ಬರುತ್ತೇವೆ ಎಂದು ತಿಳಿಸುವುದು ಬೇರೆ.

'ವಯಸ್ಸಾಗಿತ್ತು ಬಿಡಿ', 'ನರಳಲಿಲ್ಲವಲ್ಲ, ಪುಣ್ಯವಂತರು', 'ತುಂಬು ಬಾಳು ಬಾಳಿದರು' ಎಂಬ ಮಾತುಗಳು ಹೊರಗಿನವರ ಬಾಯಲ್ಲಿ ಬರಬಾರದು ಎಂದೇ ನನ್ನ ಅಭಿಪ್ರಾಯ. ಮನೆಯವರು ಅದನ್ನು ತಾವೇ ಹೇಳಿಕೊಂಡು ಸಮಾಧಾನ ಪಡುತ್ತಾರೆ, ಆಗ 'ಹೌದು' ಎನ್ನಬಹುದು. ನಾವೇ ಮೊದಲು ಹೇಳಿದರೆ ಇಷ್ಟು ವಯಸ್ಸಿನ ತಾಯಿಗೆ ಇಷ್ಟೇ ಅಳಬೇಕು ಎಂದು ಅಳೆದುಕೊಟ್ಟ ಹಾಗಾಗುತ್ತದೆ. 'ಧೈರ್ಯ ತಂದುಕೊಳ್ಳಿ, ಇನ್ನು ನೀವೇ ಎಲ್ಲರನ್ನೂ ನೋಡಿಕೊಳ್ಳಬೇಕು' ಎಂಬುದು ಆಜ್ಞೆ. ಕಾಲವೇ ಮದ್ದು ಎಂಬುದನ್ನು ಮಾತ್ರ ಯಾರೂ ಹೇಳಬಾರದೆಂದಿಲ್ಲ, ಹೇಳುವ ಹಕ್ಕು ಕೆಲವರಿಗಿರುತ್ತದೆ. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ 1862ರ ಡಿಸೆಂಬರ್ 23ರಂದು, ಯುದ್ಧದಲ್ಲಿ ಮಡಿದ ತನ್ನ ಹಳೆಯ ಸ್ನೇಹಿತನ ಮಗಳು ಫ್ಯಾನಿ ಮೆಕಲಾಗೆ ಬರೆದ ಪತ್ರದಲ್ಲಿ ಈ ನೋವು ಒಂದು ದಿನ ಹದವಾಗುತ್ತದೆ, ಈಗ ನೀನು ನಂಬಲಾರೆ, ಆದರೆ ಆಗುತ್ತದೆ ಎಂಬ ಅರ್ಥದ ಮಾತಿದೆ. ಅವನು ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವನು. ಅದೇ ವರ್ಷ ಫೆಬ್ರವರಿಯಲ್ಲಿ ಅವನ ಮಗನೂ ತೀರಿಹೋಗಿದ್ದ. ಇದನ್ನು ಬಲ್ಲವನಾಗಿ ಹೇಳುತ್ತಿದ್ದೇನೆ ಎಂದು ಒಂದೇ ಮಾತಿನಲ್ಲಿ ಸೂಚಿಸಿ, ತನ್ನ ದುಃಖದ ಕಥೆ ಹೇಳದೆ ಅವನು ಅವಳ ಕಡೆಗೇ ತಿರುಗುತ್ತಾನೆ. ತಂದೆತಾಯಿಯನ್ನು ಕಳೆದುಕೊಂಡವರು ಇನ್ನೊಬ್ಬರಿಗೆ ಬರೆಯುವಾಗ ಆ ಅಳತೆ ಸಾಕು.

ಎಲ್ಲ ಮನೆಯಲ್ಲೂ ತಿಥಿ ಇರುವುದಿಲ್ಲ. ಕೆಲವು ವರ್ಷದ ಹಿಂದೆ ಚನ್ನಪಟ್ಟಣದ ನನ್ನ ಮುಸ್ಲಿಂ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡರು. ಬೊಂಬೆ ಮಾಡುವ ಕುಶಲಕರ್ಮಿ. ಹಿಂದೊಮ್ಮೆ ಅವರ ಮನೆಗೆ ಹೋದಾಗ, ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಿದ್ದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದನ್ನು, ಆಮೇಲೆ ಗರಿಯಿಂದ ತಿಕ್ಕಿ ಹೊಳಪು ಬರಿಸುವುದನ್ನು ನನಗೆ ತೋರಿಸಿದ್ದರು. ಅವರ ಮಗನಿಗೆ 'ಆತ್ಮಕ್ಕೆ ಶಾಂತಿ' ಎಂದೋ 'ಸ್ವರ್ಗಸ್ಥರಾದರು' ಎಂದೋ ಬರೆಯುವುದು ನನ್ನ ಮನೆಯ ಪದವನ್ನು ಅವರ ಮನೆಯ ಮೇಲೆ ಹೊದಿಸಿದ ಹಾಗೆ. ಮುಸ್ಲಿಮರು ಸಾವಿನ ಸುದ್ದಿ ಕೇಳಿದೊಡನೆ ಹೇಳುವ ಅರಬ್ಬಿ ವಾಕ್ಯಕ್ಕೆ 'ನಾವು ದೇವರಿಗೆ ಸೇರಿದವರು, ಅವನಲ್ಲಿಗೇ ಮರಳುವವರು' ಎಂದು ಅರ್ಥ. ಬೇರೆಯವರೂ ಅದನ್ನು ಬರೆಯಬಹುದು, ತಪ್ಪಿಲ್ಲ. ಆದರೆ ನನ್ನ ಬಾಯಿಗೆ ರೂಢಿಯಿಲ್ಲದ ಪ್ರಾರ್ಥನೆಯನ್ನು ನಕಲು ಮಾಡಿ ಅಂಟಿಸುವುದಕ್ಕಿಂತ, ಆ ಅರಗಿನ ಕಡ್ಡಿ ಹಿಡಿದ ಕೈ ನೆನಪಿದೆ ಎಂದು ಕನ್ನಡದಲ್ಲಿ ಹೇಳುವುದು ನನಗೆ ಸರಿ ಕಂಡಿತು. ಅವರಲ್ಲಿ ದಫನ್ ಸಾಮಾನ್ಯವಾಗಿ ತಡಮಾಡದೆ ಆಗುತ್ತದೆ. ಸಂಜೆ ನೋಡೋಣ ಎಂದುಕೊಂಡರೆ ಎಲ್ಲ ಮುಗಿದಿರುತ್ತದೆ, ಆದ್ದರಿಂದ ಬರೆಯುವುದಕ್ಕಿಂತ ಮೊದಲು ಹೊರಡುವುದು ಒಳ್ಳೆಯದು.

ಮಾಗಡಿ ಕಡೆಯ ಲಿಂಗಾಯತ ಮನೆಯವರು 'ಲಿಂಗೈಕ್ಯರಾದರು' ಎನ್ನುತ್ತಾರೆ, ಅವರ ಕಾರ್ಯದ ಪತ್ರಿಕೆಯಲ್ಲಿ ಶಿವಗಣಾರಾಧನೆ ಎಂದಿರುತ್ತದೆ. ಕನಕಪುರದ ಹತ್ತಿರದ ಹಾರೋಬೆಲೆಯಲ್ಲಿ ಕ್ರೈಸ್ತರ ಮನೆಗಳಿವೆ, ಅಲ್ಲಿಯ ಮಾತು ಇನ್ನೊಂದು. ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಮನೆಯವರು ಕಳಿಸಿದ ಮೊದಲ ಸುದ್ದಿಯನ್ನು ಇನ್ನೊಮ್ಮೆ ಓದಿದರೆ ಅವರ ಪದ ಅಲ್ಲೇ ಇರುತ್ತದೆ. ಅದು ತಿಳಿಯದಿದ್ದರೆ 'ತೀರಿಕೊಂಡರು' ಎಂಬುದು ಎಲ್ಲ ಮನೆಯ ಬಾಗಿಲಲ್ಲೂ ನಿಲ್ಲಬಲ್ಲ ಪದ.

ಆ ರಾತ್ರಿ ಮೇಡಂ ಉತ್ತರ ಬರೆಯಲಿಲ್ಲ. ಓದಿದ ಗುರುತು ಮಾತ್ರ ಬಂತು, ಅದೂ ರಾತ್ರಿ ಎರಡೂವರೆಗೆ. ಮಾರನೆಯ ಬೆಳಿಗ್ಗೆ ನಾವು ಹೋದಾಗ ಅಕ್ಕಪಕ್ಕದ ಹೆಂಗಸರು ಅಂಗಳದಲ್ಲಿ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ಸಾವಾಯಿತೆಂದು ಹುಳು ಕಾಯುವುದಿಲ್ಲ. ಯಾರೂ ಯಾರಿಗೂ ಹೇಳಿದ ಹಾಗೆ ಕಾಣಲಿಲ್ಲ. ನಾನು ಮೇಡಂ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ.

ತಿಥಿ ಆದ ಎರಡು ದಿನಕ್ಕೆ ಅವರು ಶಾಲೆಗೆ ಬಂದರು. ಮೇಜಿನ ಮೇಲೆ ಅಂಕಗಳ ಪಟ್ಟಿ ಇಟ್ಟಿದ್ದೆ. ಅದನ್ನು ತಿರುವಿ ನೋಡಿ, ಒಬ್ಬ ಹುಡುಗನದು ತಪ್ಪಿದೆ ಎಂದು ತಿದ್ದಿದರು. ಮಧ್ಯಾಹ್ನ ಡಬ್ಬಿ ತೆಗೆಯುವಾಗ, ಯಾವ ಪೀಠಿಕೆಯೂ ಇಲ್ಲದೆ, 'ಅವತ್ತು ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ವು ಸರ್' ಎಂದರು. 'ಅದಕ್ಕೇ ಅವ್ವ ಅಷ್ಟು ಗದರಿದ್ದು.'

ನಾನು ಕೈಯಲ್ಲಿದ್ದ ತುತ್ತು ಇಳಿಸಿದೆ. ಅವರು ಮಾತು ಮುಂದುವರಿಸಿದರು.